ಚರ್ಚೆ ತುಂಬಿದ ಅಜೆಂಡಾವನ್ನು ಗಂಟೆ-ನಿಮಿಷದ ಕಾರ್ಯಸೂಚಿ ಮಾಡುವುದು ಹೇಗೆ? ಶಿರಸಿ ಕಡೆಯ ಒಂದು ಸಂಘದ ಸಭೆ ಹಿಡಿದು

ಶಿರಸಿ ತಾಲೂಕಿನ ಒಂದು ಚಿಕ್ಕ ಸೇವಾ ಸಹಕಾರಿ ಸಂಘದಲ್ಲಿ ಸಭೆಯ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮ ಆಡಳಿತ ಮಂಡಳಿಯಲ್ಲಿ ಒಂಬತ್ತು ನಿರ್ದೇಶಕರು. ಹೆಚ್ಚಿನವರು ಅಡಿಕೆ ತೋಟದವರು. ತಿಂಗಳಿಗೊಂದು ಸಭೆ, ಮಧ್ಯಾಹ್ನ ಮೂರಕ್ಕೆ ಶುರು. ಐದೂಕಾಲಿನ ಬಸ್ಸು ತಪ್ಪಿದರೆ ಮೂವರಿಗೆ ಮನೆ ಮುಟ್ಟುವುದು ಕಷ್ಟ. ಹಾಗಾಗಿ ನಮ್ಮ ಕೈಯಲ್ಲಿರುವುದು ಸರಿಯಾಗಿ ಎರಡು ಗಂಟೆ.

ಸಭೆಗೆ ಮೊದಲು ನನ್ನ ಮೇಜಿಗೆ ಬರುವ ಕಾಗದಕ್ಕೆ ಅಜೆಂಡಾ ಅಂತ ಹೆಸರಿರುತ್ತದೆ. ಒಳಗೆ ಮಾತ್ರ ಅರ್ಧ ವಿಷಯ, ಅರ್ಧ ಮಾತುಕತೆ. ಅಧ್ಯಕ್ಷರು ಫೋನಿನಲ್ಲಿ ಹೇಳಿದ್ದು, ಹೋದ ಸಭೆಯಲ್ಲಿ ಗೀಚಿಕೊಂಡದ್ದು, ಯಾರೋ ದಾರಿಯಲ್ಲಿ ಸಿಕ್ಕಾಗ ಅಂದದ್ದು, ಎಲ್ಲಾ ಒಂದೇ ಕಡೆ ಸೇರಿಕೊಂಡಿರುತ್ತದೆ. ಒಂದು ಮೇ ತಿಂಗಳ ಸಭೆಗೆ ಬಂದ ಕಾಗದ ಹೀಗಿತ್ತು:

> 1. ಹಿಂದಿನ ಸಭೆಯ ನಡಾವಳಿ.
> 2. ಮೈಲುತುತ್ತು ತರಿಸುವುದು. ಹೋದ ವರ್ಷ ತಡವಾಗಿ ಬಂತು, ಅಷ್ಟೊತ್ತಿಗೆ ಮಳೆ ಹಿಡಿದಿತ್ತು. ಒಂದೇ ಕಡೆಯಿಂದ ತರಿಸುವುದು ಬೇಡ – ಉಪಾಧ್ಯಕ್ಷರು. ಮೂರು ಕೊಟೇಶನ್ ಬಂದಿದೆ. ಸಾಲಕ್ಕೆ ಕೊಡುವುದೋ ನಗದಿಗೋ? ಸುಣ್ಣದ್ದೂ ನೋಡಬೇಕು.
> 3. ಗೋದಾಮಿನ ಮಾಡು ಸೋರುತ್ತದೆ. ಒಡೆದ ಶೀಟು ಬದಲಿಸಿದರೆ ಸಾಕು ಅಂತ ಒಬ್ಬರು, ಇಡೀ ಮಾಡನ್ನೇ ಹೊಸದು ಮಾಡಿಸಬೇಕು ಅಂತ ಇನ್ನೊಬ್ಬರು. ಮಳೆಗಾಲದೊಳಗೆ ಆಗಲೇಬೇಕು.
> 4. ಬೆಳೆ ಸಾಲದ ಬಾಕಿ. ಹೋದ ಸಭೆಯಲ್ಲಿ ಬಹಳ ಚರ್ಚೆ ಆಯಿತು. ನೋಟಿಸು ಕೊಟ್ಟಾಗಿದೆ. ಕೆಲವರ ಮನೆಗೇ ಹೋಗಿ ಮಾತಾಡಬೇಕು.
> 5. ಬೆಳೆ ವಿಮೆ. ಹೋದ ಸಲ ಸರ್ವೆ ನಂಬರ್ ತಪ್ಪಾಗಿ ಕೆಲವರಿಗೆ ತೊಂದರೆ ಆಯಿತು. ಸಿಬ್ಬಂದಿ ಸಾಲದು.
> 6. ಕಂಪ್ಯೂಟರ್ ರಿಪೇರಿ, ಸಿಬ್ಬಂದಿ ರಜೆ.
> 7. ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ.

ಇದನ್ನು ಹೀಗೇ ಟೈಪ್ ಮಾಡಿ ಕಳಿಸಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಹಿಂದೊಮ್ಮೆ ಹಾಗೇ ಕಳಿಸಿದ್ದೆ. "ಹಳೇ ತೂಕದ ಯಂತ್ರ ಮಾರುವುದು, ಕೇಳುವವರಿದ್ದಾರೆ" ಅಂತ ಸೂಚನಾ ಪತ್ರದಲ್ಲೇ ಹೋಯಿತು. ಯಾರೋ ಒಬ್ಬರ ಮಾತು ಅದು. ಓದಿದವರು ಮಾತ್ರ ಮಾರುವುದು ನಿಕ್ಕಿ ಆಗಿದೆ ಅಂದುಕೊಂಡರು. ಸಭೆಯ ಮೊದಲ ಮುಕ್ಕಾಲು ಗಂಟೆ "ಇದನ್ನು ಯಾವಾಗ ತೀರ್ಮಾನ ಮಾಡಿದಿರಿ?" ಎಂಬ ಪ್ರಶ್ನೆಗೇ ಹೋಯಿತು. ಆಮೇಲಿಂದ ನಾನು ಅಜೆಂಡಾದಲ್ಲಿ ಮಾತು ಬೇರೆ, ವಿಷಯ ಬೇರೆ ಮಾಡದೆ ಕಳಿಸುವುದಿಲ್ಲ.

ಮೊದಲು ವಾಕ್ಯಗಳಿಗೆ ನಂಬರ್ ಹಾಕಿ

ಬಂದ ಕಾಗದವನ್ನು ತಿದ್ದಬೇಡಿ. ಅದರ ಪ್ರತಿ ತೆಗೆದುಕೊಂಡು ಒಂದೊಂದು ವಾಕ್ಯಕ್ಕೂ ನಂಬರ್ ಕೊಡಿ. ಮೇಲಿನ ಕಾಗದದಲ್ಲಿ ವಿಷಯ ಏಳು, ವಾಕ್ಯ ಹತ್ತೊಂಬತ್ತು. ಕೊನೆಗೆ ಈ ಹತ್ತೊಂಬತ್ತೂ ಎಲ್ಲಿ ಹೋದವು ಅಂತ ಲೆಕ್ಕ ಕೊಡಲಿಕ್ಕೆ ಈ ನಂಬರ್ ಬೇಕು. ಯಾರದೋ ಮಾತನ್ನು ನಾನು ನುಂಗಿಬಿಟ್ಟೆ ಎಂಬ ದೂರು ಬಂದರೆ ತೋರಿಸಲಿಕ್ಕೂ ಬೇಕು.

ಆಮೇಲೆ ಪ್ರತಿ ವಾಕ್ಯದ ಪಕ್ಕ ಒಂದು ಅಕ್ಷರ ಬರೆಯಿರಿ. ವಿಷಯವಾದರೆ "ವಿ". ಪುಸ್ತಕ ತೆಗೆದು ನೋಡಿದರೆ ಸರಿಯೋ ತಪ್ಪೋ ಗೊತ್ತಾಗುವ ಸಂಗತಿಯಾದರೆ "ಸಂ". ಒಬ್ಬರ ಅಭಿಪ್ರಾಯವಾದರೆ "ಅ". ಯಾರಾದರೂ ಮಾಡಬೇಕಾದ ಕೆಲಸವಾದರೆ "ಕೆ". "ಮೈಲುತುತ್ತು ತರಿಸುವುದು" ಎಂಬುದು ವಿಷಯ. "ಮೂರು ಕೊಟೇಶನ್ ಬಂದಿದೆ" ಎಂಬುದು ಸಂಗತಿ. "ಒಂದೇ ಕಡೆಯಿಂದ ಬೇಡ" ಎಂಬುದು ಅಭಿಪ್ರಾಯ. "ಮನೆಗೇ ಹೋಗಿ ಮಾತಾಡಬೇಕು" ಎಂಬುದು ನೋಡಲಿಕ್ಕೆ ಕೆಲಸದ ಹಾಗಿದೆ. ಆದರೆ ಸಭೆ ಇನ್ನೂ ಒಪ್ಪಿಲ್ಲವಲ್ಲ, ಹಾಗಾಗಿ ಅದೂ ಅಭಿಪ್ರಾಯವೇ. ಜಾಸ್ತಿ ಮೋಸ ಹೋಗುವುದು ಇಂಥಲ್ಲಿ. "ಬೇಕು" ಎಂದು ಮುಗಿಯುವ ವಾಕ್ಯ ಕಂಡರೆ, ಇದನ್ನು ಯಾವ ಸಭೆ ಠರಾವು ಮಾಡಿದೆ ಅಂತ ಕೇಳಿಕೊಳ್ಳಿ. ಠರಾವು ಪುಸ್ತಕದಲ್ಲಿ ಇದ್ದರೆ ಅದು ಕೆಲಸ, ಇಲ್ಲದಿದ್ದರೆ ಅಭಿಪ್ರಾಯ.

ಸಂಗತಿ ಅಂದದ್ದನ್ನು ಪುಸ್ತಕ ತೆಗೆದು ನೋಡಿ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಇದೇ ಎಲ್ಲಕ್ಕಿಂತ ಮುಖ್ಯದ್ದು ಅನಿಸುತ್ತದೆ.

ಮೂರನೇ ವಾಕ್ಯ ನೋಡಿ: "ಹೋದ ವರ್ಷ ತಡವಾಗಿ ಬಂತು." ಮೈಲುತುತ್ತು ತಡವಾಗುವುದು ನಮ್ಮ ಕಡೆ ಸಣ್ಣ ಮಾತಲ್ಲ. ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತಿನ ಮೊದಲನೇ ಔಷಧಿಯನ್ನು ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. ಎರಡನೆಯದು ಅದಾಗಿ 40-45 ದಿನಕ್ಕೆ, ಮಳೆ ಬಿಡುವು ಕೊಟ್ಟಾಗ. ಮೊದಲನೆಯದು ತಪ್ಪಿದರೆ ಆ ವರ್ಷದ ಕಾಯಿ ಉದುರುವುದನ್ನು ನೋಡುತ್ತಾ ಕೂರಬೇಕು. ಅದಕ್ಕೇ ಆ ವಾಕ್ಯದಲ್ಲಿ ಅಷ್ಟು ಸಿಟ್ಟಿತ್ತು.

ನಾನು ದಾಸ್ತಾನು ಪುಸ್ತಕ ತೆಗೆದೆ. ಹಿಂದಿನ ವರ್ಷ ಮೈಲುತುತ್ತು ಗೋದಾಮಿಗೆ ಬಂದ ತಾರೀಕು ಮೇ 24. ಅಂದರೆ ತಡವೇ ಆಗಿರಲಿಲ್ಲ! ಎರಡು ಪುಟ ತಿರುವಿದರೆ ಸುಣ್ಣದ ಖಾತೆ. ಸುಣ್ಣ ಬಂದದ್ದು ಜೂನ್ 11ಕ್ಕೆ. ಆ ಔಷಧಿ ಅಂದರೆ ಬೋರ್ಡೋ ದ್ರಾವಣ, ಅದಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣವಿಲ್ಲದೆ ಬರೀ ಮೈಲುತುತ್ತು ಹೊಡೆದರೆ ಸಿಂಗಾರವೂ ಎಳೆಕಾಯಿಯೂ ಸುಟ್ಟುಹೋಗುತ್ತದೆ. ಹಾಗಾಗಿ ಮೈಲುತುತ್ತು ಚೀಲದಲ್ಲೇ ಕೂತಿತ್ತು, ಸದಸ್ಯರು ಸಂಘಕ್ಕೆ ಬಂದು ಬಂದು ವಾಪಸ್ ಹೋಗಿದ್ದರು. ನೆನಪಿನಲ್ಲಿ ಉಳಿದದ್ದು "ಮೈಲುತುತ್ತು ತಡ" ಅಂತ.

ಈಗ ಏಳನೇ ವಾಕ್ಯಕ್ಕೆ ಬನ್ನಿ: "ಸುಣ್ಣದ್ದೂ ನೋಡಬೇಕು." ಕಾಗದದಲ್ಲಿ ಅದು ಕೊನೆಗೆ ಸಿಕ್ಕಿಸಿದ ಮಾತು. ನಿಜಕ್ಕೆ ಅದೇ ಮುಖ್ಯ ವಿಷಯ. ಪುಸ್ತಕ ನೋಡದೆ ಸಮಯ ಹಂಚಿದ್ದರೆ ಒಂಬತ್ತು ಜನ ಕೂತು ತಪ್ಪು ಸಾಮಾನಿನ ಬಗ್ಗೆ ಅರ್ಧ ಗಂಟೆ ಮಾತಾಡುತ್ತಿದ್ದರು, ಅಲ್ವಾ? ಎರಡು ತಾರೀಕು ನೋಡಲಿಕ್ಕೆ ನನಗೆ ಹತ್ತು ನಿಮಿಷ ಹಿಡಿದಿರಬಹುದು. ವಿಷಯದ ಹೆಸರನ್ನೇ "ಮೈಲುತುತ್ತು ಮತ್ತು ಸುಣ್ಣ ಖರೀದಿ" ಅಂತ ಬದಲಿಸಿದೆ.

ಉಳಿದ ಸಂಗತಿಗಳನ್ನೂ ಹೀಗೇ ನೋಡಿದೆ. ಕೊಟೇಶನ್ ಮೂರು ಬಂದಿದ್ದು ಹೌದು, ಆದರೆ ಮೂರೂ ಮೈಲುತುತ್ತಿನವು, ಸುಣ್ಣದ್ದು ಒಂದೂ ಇಲ್ಲ. ಆವತ್ತೇ ಮುಖ್ಯ ಕಾರ್ಯನಿರ್ವಾಹಕರಿಗೆ ಹೇಳಿ ತರಿಸಲು ಹಚ್ಚಿದೆ. ನೋಟಿಸು ಕೊಟ್ಟಾಗಿದೆಯೋ ಅಂತ ಜಾವಕ ಪುಸ್ತಕ ನೋಡಿದರೆ ಎಲ್ಲರಿಗೂ ಹೋಗಿತ್ತು, ಎರಡು ಮಾತ್ರ ವಾಪಸ್ ಬಂದಿದ್ದವು.

ಅಭಿಪ್ರಾಯವನ್ನು ಪ್ರಶ್ನೆ ಮಾಡಿ

ಅಭಿಪ್ರಾಯವನ್ನು ಹಾಗೇ ಅಜೆಂಡಾದಲ್ಲಿ ಇಡಬಾರದು, ಬಿಸಾಕಲೂಬಾರದು. ಅದರೊಳಗೆ ಒಂದು ಪ್ರಶ್ನೆ ಇರುತ್ತದೆ. ಅದನ್ನು ಹೊರಗೆ ತೆಗೆಯಬೇಕು, ಹೇಳಿದವರ ಹೆಸರು ಬಿಡಬೇಕು.

"ಒಂದೇ ಕಡೆಯಿಂದ ತರಿಸುವುದು ಬೇಡ – ಉಪಾಧ್ಯಕ್ಷರು" ಎಂದಿದ್ದರೆ ಚರ್ಚೆ ಉಪಾಧ್ಯಕ್ಷರ ಪರ, ವಿರೋಧ ಅಂತ ಆಗುತ್ತದೆ. "ಖರೀದಿ ಒಬ್ಬ ವ್ಯಾಪಾರಿಯಿಂದಲೋ ಇಬ್ಬರಿಂದಲೋ?" ಎಂದು ಬರೆದರೆ ಯಾರು ಬೇಕಾದರೂ ಉತ್ತರ ಕೊಡಬಹುದು. ಹಿಂದೆ ನಾನು ಹೆಸರು ಹಾಕುತ್ತಿದ್ದಾಗ ಒಬ್ಬ ಹಿರಿಯ ನಿರ್ದೇಶಕರು ಸಂಘದ ಜಗಲಿಯಲ್ಲೇ ಕೇಳಿದ್ದರು: "ತಮಾ, ನಾನು ಸುಮ್ನೆ ಚಾ ಕುಡೀತಾ ಹೇಳಿದ ಮಾತು ಅದು. ಅದನ್ನೇ ಯಾಕೆ ಅಚ್ಚು ಹಾಕಿಸಿದೆ?" ಅವರು ಹೇಳಿದ್ದು ಸರಿ. ಚಾ ಕುಡಿಯುತ್ತಾ ಆಡಿದ ಮಾತನ್ನು ಸಭೆಯಲ್ಲಿ ಬದಲಿಸುವ ಸ್ವಾತಂತ್ರ್ಯ ಅವರಿಗೆ ಇರಬೇಕು.

ಎದುರುಬದುರು ಅಭಿಪ್ರಾಯ ಎರಡಿದ್ದರೆ ಪ್ರಶ್ನೆ ಒಂದೇ ಸಾಕು. ಗೋದಾಮಿನ ಮಾಡಿನ ಬಗ್ಗೆ "ಶೀಟು ಬದಲಿಸಿದರೆ ಸಾಕು", "ಇಡೀ ಮಾಡು ಹೊಸದು ಬೇಕು" ಎರಡೂ ಸೇರಿ "ಈ ಮಳೆಗಾಲಕ್ಕೆ ಯಾವ ದುರಸ್ತಿ?" ಎಂದಾಯಿತು. "ಈ ಮಳೆಗಾಲಕ್ಕೆ" ಎಂಬ ಮಾತು ಹತ್ತನೇ ವಾಕ್ಯದಿಂದ ಬಂದದ್ದು. ಹಾಗೆ ಮಿತಿ ಹಾಕದಿದ್ದರೆ ಚರ್ಚೆ ಗೋದಾಮನ್ನು ಎರಡು ಅಂತಸ್ತು ಮಾಡುವವರೆಗೂ ಹೋಗುತ್ತದೆ.

ಒಂದು ವಿಷಯದಡಿ ಎರಡಕ್ಕಿಂತ ಜಾಸ್ತಿ ಪ್ರಶ್ನೆ ಬಂದರೆ ಅದನ್ನು ಎರಡು ವಿಷಯ ಮಾಡಿ, ಇಲ್ಲವೇ ಒಂದನ್ನು ಮುಂದಿನ ಸಭೆಗೆ ಇಡಿ. ಮೂರನೇ ಪ್ರಶ್ನೆ ಬರುವಷ್ಟರಲ್ಲಿ ಮೊದಲನೆಯದಕ್ಕೆ ಏನು ಒಪ್ಪಿದ್ದೇವೆ ಅಂತ ಯಾರಿಗೂ ನೆನಪಿರುವುದಿಲ್ಲ.

ಫಲಿತ ಬರೆಯುವುದು

"ಚರ್ಚಿಸುವುದು", "ಪರಿಶೀಲಿಸುವುದು", "ಗಮನ ಹರಿಸುವುದು" ಇವು ಯಾವುದೂ ಫಲಿತ ಅಲ್ಲ. ಚರ್ಚೆ ಹೇಗೂ ಆಗಿಯೇ ಆಗುತ್ತದೆ. ಚರ್ಚೆ ಮುಗಿದ ಮೇಲೆ ಮೇಜಿನ ಮೇಲೆ ಏನಿರಬೇಕು ಎಂಬುದೇ ಫಲಿತ.

ನಾನು ಹಿಡಿದುಕೊಂಡಿರುವ ಪರೀಕ್ಷೆ ಒಂದೇ. ಫಲಿತ ಓದಿದ ಕೂಡಲೆ ಠರಾವಿನ ಕರಡು ಬರೆಯಲಿಕ್ಕೆ ಬರಬೇಕು, ಹೆಸರು, ಅಂಕಿ, ತಾರೀಕಿನ ಜಾಗ ಮಾತ್ರ ಖಾಲಿ ಇರಬೇಕು. ಮೈಲುತುತ್ತಿನ ವಿಷಯಕ್ಕೆ ನಾನು ಬರೆದದ್ದು: "ಮೈಲುತುತ್ತು, ಸುಣ್ಣ ಎಷ್ಟೆಷ್ಟು ಕಿಲೋ, ಯಾರಿಂದ, ಯಾವ ದರಕ್ಕೆ ಎಂಬ ಠರಾವು, ಎರಡೂ ಮೇ 25ರೊಳಗೆ ಗೋದಾಮಿನಲ್ಲಿ. ಸದಸ್ಯರಿಗೆ ಸಾಲಕ್ಕೋ ನಗದಿಗೋ ಎಂಬ ಠರಾವು." ಇದರ ಕರಡು ಹೀಗೆ ಬರುತ್ತದೆ: "… ಕಿಲೋ ಮೈಲುತುತ್ತು ಹಾಗೂ … ಕಿಲೋ ಸುಣ್ಣವನ್ನು … ಇವರಿಂದ ಕಿಲೋಗೆ … ರೂಪಾಯಿಯಂತೆ ಖರೀದಿಸಲು ಠರಾಯಿಸಲಾಯಿತು. ಸೂಚಕರು …, ಅನುಮೋದಕರು …" ಆ ಕರಡನ್ನು ಮೊದಲೇ ಟೈಪ್ ಮಾಡಿಟ್ಟುಕೊಂಡರೆ ಸಭೆಯಲ್ಲಿ ಬರೆಯುವ ಹೊತ್ತೂ ಉಳಿಯುತ್ತದೆ. ಖಾಲಿ ಜಾಗವನ್ನು ಮಾತ್ರ ನೀವು ತುಂಬಬಾರದು, ಪೆನ್ಸಿಲಿನಲ್ಲೂ ತುಂಬಬಾರದು. ತುಂಬಿದ ಠರಾವು ಮೊದಲೇ ಸಿದ್ಧವಿತ್ತು ಎಂದು ಗೊತ್ತಾದರೆ ಸಭೆಗೆ ಬೆಲೆ ಉಳಿಯುವುದಿಲ್ಲ.

ಎಲ್ಲ ವಿಷಯಕ್ಕೂ ಠರಾವು ಬೇಕಿಲ್ಲ. ಕೆಲವಕ್ಕೆ ಬರೀ ಮಾಹಿತಿ ಮುಟ್ಟಿದರೆ ಸಾಕು, ಕೆಲವಕ್ಕೆ ಕೆಲಸ ಹಂಚಿದರೆ ಸಾಕು. ಯಾವುದಕ್ಕೆ ಯಾವುದು ಅಂತ ಬರೆದುಬಿಡಿ. "ಮಾಹಿತಿ ಮಾತ್ರ" ಎಂದು ಬರೆದ ವಿಷಯಕ್ಕೆ ಜನ ವಾದಕ್ಕೆ ಇಳಿಯುವುದು ಕಡಿಮೆ.

ಬೆಳೆ ಸಾಲದ ಬಾಕಿ ನನ್ನನ್ನು ಸತಾಯಿಸಿದ ವಿಷಯ. "ಬಹಳ ಚರ್ಚೆ ಆಯಿತು" ಎಂಬ ಹನ್ನೆರಡನೇ ವಾಕ್ಯವೇ ರೋಗ ಹೇಳುತ್ತದೆ. ಫಲಿತ ಇಲ್ಲದ ವಿಷಯ ಪ್ರತಿ ಸಭೆಗೂ ಬರುತ್ತದೆ. ಹೋದ ಸಲದ ಟಿಪ್ಪಣಿ ಓದಿದರೆ, ಒಬ್ಬೊಬ್ಬ ಬಾಕಿದಾರರ ಮನೆಯ ಕಷ್ಟಸುಖವೇ ಗಂಟೆಗಟ್ಟಲೆ ಚರ್ಚೆಯಾಗಿತ್ತು. ಬಾಕಿ ಇರುವವರ ಹೆಸರನ್ನು ಎಲ್ಲರ ಎದುರು ಹಾಗೆ ಎಳೆಯುವುದು ಮರ್ಯಾದೆಯೂ ಅಲ್ಲ. ಹಾಗಾಗಿ ಫಲಿತವನ್ನೇ ಸಣ್ಣದು ಮಾಡಿದೆ: "ಮನೆಗೆ ಹೋಗಿ ಮಾತಾಡಲು ಮೂವರ ತಂಡ, ಯಾರು ಯಾವ ಊರಿಗೆ, ಯಾವ ತಾರೀಕಿನೊಳಗೆ." ಹೆಸರುಗಳ ಪಟ್ಟಿ ಆ ಮೂವರ ಕೈಗೆ ಮಾತ್ರ.

ಮಂಡಿಸುವವರು ಯಾರು?

ಮಂಡಿಸುವವರು ಅಂದರೆ ಆ ವಿಷಯವನ್ನು ಐದು ನಿಮಿಷದಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಇಡುವವರು. ಜೋರಾಗಿ ಮಾತಾಡಿದವರನ್ನೇ ಮಂಡಿಸಲು ಹಾಕುವುದು ಸಾಮಾನ್ಯ ತಪ್ಪು. ಅಂಕಿ ಯಾರ ಕೈಯಲ್ಲಿದೆ ಅಂತ ನೋಡಿ. ಖರೀದಿಯ ಹೋದ ವರ್ಷದ ಲೆಕ್ಕ, ಕೊಟೇಶನ್ ಇರುವುದು ಮುಖ್ಯ ಕಾರ್ಯನಿರ್ವಾಹಕರ ಹತ್ತಿರ, ಹಾಗಾಗಿ ಅವರೇ.

ಗೋದಾಮಿನದ್ದು ಸ್ವಲ್ಪ ಸೂಕ್ಷ್ಮ. ಕಟ್ಟಡದ ಕೆಲಸ ಬಲ್ಲ ನಿರ್ದೇಶಕರು ಒಬ್ಬರಿದ್ದಾರೆ, ಆದರೆ ಅವರ ಸಂಬಂಧಿಕರೇ ಮಾಡಿನ ಗುತ್ತಿಗೆ ಹಿಡಿಯುವವರು. ಅವರನ್ನು ಮಂಡಿಸಲು ಹಾಕಿದರೆ ಅವರು ಎಷ್ಟು ಪ್ರಾಮಾಣಿಕರಾದರೂ ಅನುಮಾನ ತಪ್ಪದು. ಮೊದಲೇ ಅವರ ಹತ್ತಿರ ಹೋಗಿ ಹೇಳಿದೆ. ಅವರೇ "ಬೇಡ, ನನ್ನನ್ನು ಬಿಡಿ" ಎಂದರು. ಗೋದಾಮಿನ ಪಕ್ಕದ ಊರಿನ ಇನ್ನೊಬ್ಬ ನಿರ್ದೇಶಕರು ಏಣಿ ಹಾಕಿ ಹತ್ತಿ, ಒಡೆದ ಶೀಟು ಎಣಿಸಿ ಬರಲು ಒಪ್ಪಿದರು. ಹನ್ನೊಂದು ಶೀಟು ಒಡೆದಿತ್ತು, ಎಲ್ಲವೂ ಪಶ್ಚಿಮದ ಇಳುಕಲಿನಲ್ಲೇ. ಆ ಒಂದು ಅಂಕಿ ಸಭೆಗೆ ಬಂದಿದ್ದರಿಂದ "ಇಡೀ ಮಾಡು" ಎನ್ನುವವರ ಧ್ವನಿ ತಾನಾಗಿ ಇಳಿಯಿತು.

ಯಾರ ಹೆಸರು ಹಾಕುವುದಿದ್ದರೂ ಫೋನ್ ಮಾಡಿ ಕೇಳಿ ಹಾಕಿ. ಸೂಚನಾ ಪತ್ರದಲ್ಲಿ ತಮ್ಮ ಹೆಸರು ಮೊದಲ ಸಲ ನೋಡಿದವರು ತಯಾರಿಲ್ಲದೆ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಅಧ್ಯಕ್ಷರಿಗೆ ಮಂಡಿಸುವ ಕೆಲಸ ಕೊಡದಿದ್ದರೆ ಒಳ್ಳೆಯದು. ಸಭೆ ನಡೆಸುವವರೇ ವಿಷಯ ಇಟ್ಟರೆ ಎದುರು ಮಾತಾಡಲು ಜನ ಹಿಂಜರಿಯುತ್ತಾರೆ.

ನಿಮಿಷದ ಲೆಕ್ಕ

ಸಮಯವನ್ನು ಅಂದಾಜಿನಲ್ಲಿ ಹಾಕಬೇಡಿ, ಕೂಡಿಸಿ ಹಾಕಿ. ಮಂಡಿಸಲು ಐದು ನಿಮಿಷ. ಮಾತಾಡುವವರು ಎಷ್ಟು ಜನವೋ, ತಲಾ ಎರಡು ನಿಮಿಷ. ಠರಾವು ಬರೆದು ಓದಿ ಹೇಳಲು ಮೂರು ನಿಮಿಷ. ನಮ್ಮಲ್ಲಿ ಬಿಸಿ ವಿಷಯಕ್ಕೆ ಆರು ಜನ ಮಾತಾಡುತ್ತಾರೆ, ತಣ್ಣಗಿನದ್ದಕ್ಕೆ ಇಬ್ಬರೋ ಮೂವರೋ. ನಿಮ್ಮ ಸಭೆಯಲ್ಲಿ ಎಷ್ಟು ಅಂತ ನಿಮಗೇ ಗೊತ್ತಿರುತ್ತದೆ.

ಖರೀದಿ ವಿಷಯದಲ್ಲಿ ಪ್ರಶ್ನೆ ಎರಡು. ಮಂಡನೆಗೆ 5. ಯಾರಿಂದ, ಎಷ್ಟು ಎಂಬುದಕ್ಕೆ ಆರು ಜನ, 12. ಸಾಲವೋ ನಗದೋ ಎಂಬುದಕ್ಕೂ ಆರು ಜನ, 12. ಎರಡು ಠರಾವಿಗೆ 6. ಒಟ್ಟು 35 ನಿಮಿಷ. ಗೋದಾಮಿಗೆ ಮಂಡನೆ 5, ಆರು ಜನಕ್ಕೆ 12, ಠರಾವಿಗೆ 3, ಕೆಲಸದ ಮೇಲ್ವಿಚಾರಣೆ ಯಾರದು ಅಂತ ಗೊತ್ತು ಮಾಡಲು 5, ಒಟ್ಟು 25.

ಮೊದಲ ಸಲ ಹೀಗೆ ಎಲ್ಲ ಕೂಡಿಸಿದಾಗ 165 ನಿಮಿಷ ಬಂತು. ನಮ್ಮ ಹತ್ತಿರ ಇದ್ದದ್ದು 120. ಈ ಹಂತದಲ್ಲಿ ಎಲ್ಲ ವಿಷಯಕ್ಕೂ ಐದೈದು ನಿಮಿಷ ಕತ್ತರಿಸುವ ಆಸೆ ಆಗುತ್ತದೆ. ಹಾಗೆ ಮಾಡಬೇಡಿ. ಹಾಗೆ ಮಾಡಿದರೆ ಕಾಗದದ ಮೇಲೆ ಲೆಕ್ಕ ಸರಿಯಾಗುತ್ತದೆ, ಸಭೆಯಲ್ಲಿ ಮಾತ್ರ ಎಲ್ಲ ವಿಷಯವೂ ಹೊತ್ತು ಮೀರುತ್ತದೆ. ಕೆಲಸವನ್ನೇ ಕಡಿಮೆ ಮಾಡಬೇಕು. ಬಾಕಿಯ ಫಲಿತವನ್ನು ಸಣ್ಣದು ಮಾಡಿದ್ದರಿಂದ 40 ಇದ್ದದ್ದು 20ಕ್ಕೆ ಇಳಿಯಿತು. ಶೀಟಿನ ಲೆಕ್ಕ ಮೊದಲೇ ತರಿಸಿದ್ದರಿಂದ ಗೋದಾಮಿನ 30 ಇದ್ದದ್ದು 25 ಆಯಿತು. ವಿಮೆಯ ಪಟ್ಟಿಯನ್ನು ಮೂರು ದಿನ ಮೊದಲೇ ಎಲ್ಲರಿಗೂ ಕೊಟ್ಟೆವು, 20 ಇದ್ದದ್ದು 10 ಆಯಿತು. ಕಂಪ್ಯೂಟರ್ ರಿಪೇರಿ, ರಜೆ ಇವಕ್ಕೆ ಸಭೆಯೇ ಬೇಕಿರಲಿಲ್ಲ. ಅರ್ಧ ಪುಟದ ಟಿಪ್ಪಣಿ ಬರೆದೆವು, 15 ಇದ್ದದ್ದು 5 ಆಯಿತು. ಒಟ್ಟು 45 ನಿಮಿಷ ಉಳಿಯಿತು.

ಕೊನೆಯ ಹತ್ತು ನಿಮಿಷ ಬಿಡುವಾಗಿರಲಿ. "ಇತರೆ" ವಿಷಯ ಅದರೊಳಗೇ ಬರಲಿ. ಹಣ ಖರ್ಚಾಗುವ ದೊಡ್ಡ ವಿಷಯವನ್ನು "ಇತರೆ"ಯಲ್ಲಿ ತರಲು ಬಿಡಬೇಡಿ. ಸೂಚನಾ ಪತ್ರದಲ್ಲಿ ಇಲ್ಲದ್ದಕ್ಕೆ ಠರಾವು ಮಾಡಿದರೆ ಆಮೇಲೆ ಆಕ್ಷೇಪ ಬರುತ್ತದೆ. ಅಂಥದ್ದನ್ನು ಬರೆದಿಟ್ಟುಕೊಂಡು ಮುಂದಿನ ಸಭೆಗೆ ಹಾಕಿ.

ಸಾಲು ಹಿಡಿಸುವುದು

ಹಿಂದಿನ ನಡಾವಳಿ ಓದಿ ದೃಢಪಡಿಸುವುದು ರೂಢಿಯಂತೆ ಮೊದಲು. ಆಮೇಲೆ ತಾರೀಕು ಬೆನ್ನತ್ತಿರುವ ವಿಷಯಗಳು. ಮೈಲುತುತ್ತು, ಸುಣ್ಣ ಮಳೆಗೆ ಮೊದಲು ಬರಬೇಕು, ಮಾಡಿನ ಕೆಲಸವೂ ಹಾಗೇ. ಇವೆರಡೂ ಚಹಾಕ್ಕೆ ಮೊದಲು ಮುಗಿಯಬೇಕು. ಚಹಾ ಆದ ಮೇಲೆ ಒಬ್ಬಿಬ್ಬರು ಎದ್ದು ಹೋಗುವುದುಂಟು, ಕೋರಂ ಕಡಿಮೆಯಾದರೆ ಠರಾವಿಗೆ ತೊಂದರೆ. ಬೆಳೆ ವಿಮೆಗೂ ಕೊನೆಯ ದಿನಾಂಕ ಇರುತ್ತದೆ. ಆ ವರ್ಷದ ಅಧಿಸೂಚನೆ ನೋಡಿಯೇ ಬರೆಯಿರಿ, ಹೋದ ವರ್ಷದ್ದನ್ನು ನಕಲು ಮಾಡಬೇಡಿ. ಬರೀ ಮಾಹಿತಿಯವು ಕೊನೆಗೆ.

ಕಂಪ್ಯೂಟರಿನಲ್ಲಿ ಮಾಡುವುದಾದರೆ ಗಂಟೆಯನ್ನು ಕೈಯಲ್ಲಿ ಟೈಪ್ ಮಾಡಬೇಡಿ. ಸ್ಪ್ರೆಡ್‌ಶೀಟಿನಲ್ಲಿ A ಕಂಬದಲ್ಲಿ ಶುರುವಾಗುವ ಸಮಯ, B ಕಂಬದಲ್ಲಿ ನಿಮಿಷ ಇಡಿ. A2ರಲ್ಲಿ 3:00 PM ಎಂದು ಬರೆದು, A3ರಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=A2+TIME(0,B2,0)
```

ಒಂದು ವಿಷಯದ ನಿಮಿಷ ಬದಲಿಸಿದರೆ ಕೆಳಗಿನ ಎಲ್ಲ ಗಂಟೆಯೂ ತಾನೇ ಬದಲಾಗುತ್ತದೆ. A ಕಂಬದಲ್ಲಿ 0.63 ಥರದ ಅಂಕಿ ಕಂಡರೆ ಹೆದರಬೇಡಿ, ಆ ಕಂಬವನ್ನು ಸಮಯದ ರೂಪಕ್ಕೆ ಬದಲಿಸಿದರೆ ಸರಿಹೋಗುತ್ತದೆ.

ಕೊನೆಗೆ ಹೊರಬಿದ್ದದ್ದು ಇದು:

| ಸಮಯ | ನಿಮಿಷ | ವಿಷಯ | ಮಂಡಿಸುವವರು | ಫಲಿತ |
|---|---|---|---|---|
| 3:00 | 5 | ಹಿಂದಿನ ಸಭೆಯ ನಡಾವಳಿ | ಮುಖ್ಯ ಕಾರ್ಯನಿರ್ವಾಹಕರು | ದೃಢಪಡಿಸುವುದು |
| 3:05 | 35 | ಮೈಲುತುತ್ತು ಮತ್ತು ಸುಣ್ಣ ಖರೀದಿ: ಎಷ್ಟು, ಒಬ್ಬರಿಂದಲೋ ಇಬ್ಬರಿಂದಲೋ? ಸಾಲಕ್ಕೋ ನಗದಿಗೋ? | ಮುಖ್ಯ ಕಾರ್ಯನಿರ್ವಾಹಕರು | ಎರಡು ಠರಾವು; ಸಾಮಾನು ಮೇ 25ರೊಳಗೆ ಗೋದಾಮಿನಲ್ಲಿ |
| 3:40 | 25 | ಗೋದಾಮಿನ ಮಾಡು: ಈ ಮಳೆಗಾಲಕ್ಕೆ ಯಾವ ದುರಸ್ತಿ? | ಶೀಟು ನೋಡಿ ಬಂದ ನಿರ್ದೇಶಕರು | ದುರಸ್ತಿ, ಖರ್ಚಿನ ಮಿತಿ, ಮೇಲ್ವಿಚಾರಕರ ಹೆಸರಿನ ಠರಾವು |
| 4:05 | 10 | ಚಹಾ | | |
| 4:15 | 20 | ಬೆಳೆ ಸಾಲದ ಬಾಕಿ: ಮನೆ ಭೇಟಿ ಯಾರು, ಯಾವಾಗ? | ಸಾಲ ವಿಭಾಗದ ಗುಮಾಸ್ತರು | ಮೂವರ ತಂಡ, ಊರು, ತಾರೀಕು |
| 4:35 | 10 | ಬೆಳೆ ವಿಮೆ: ಸರ್ವೆ ನಂಬರ್ ತಾಳೆ ನೋಡುವವರು ಯಾರು? | ಇದೇ ಕೆಲಸದ ಸಿಬ್ಬಂದಿ | ಪಹಣಿ ಹಿಡಿದು ಪಟ್ಟಿ ತಾಳೆ ನೋಡಲು ಇಬ್ಬರ ಹೆಸರು |
| 4:45 | 5 | ಕಚೇರಿ ಟಿಪ್ಪಣಿ | ಮುಖ್ಯ ಕಾರ್ಯನಿರ್ವಾಹಕರು | ಮಾಹಿತಿ ಮಾತ್ರ |
| 4:50 | 10 | ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ | ಅಧ್ಯಕ್ಷರು | ಮುಂದಿನ ಸಭೆಗೆ ವಿಷಯಗಳ ಪಟ್ಟಿ |

ಮಂಡಿಸುವವರ ಕಂಬದಲ್ಲಿ ನಾವು ನಿಜವಾದ ಪ್ರತಿಯಲ್ಲಿ ಹೆಸರನ್ನೇ ಹಾಕುತ್ತೇವೆ. "ಸಿಬ್ಬಂದಿ" ಅಂತ ಮಾತ್ರ ಬರೆದರೆ ಆವತ್ತು ಯಾರೂ ತಮ್ಮದು ಅಂದುಕೊಳ್ಳುವುದಿಲ್ಲ.

ಕಳಿಸುವ ಮೊದಲು ನಂಬರ್ ತಾಳೆ ನೋಡಿ

ಹಳೇ ಕಾಗದ ಪಕ್ಕದಲ್ಲಿಟ್ಟುಕೊಂಡು ಹತ್ತೊಂಬತ್ತು ವಾಕ್ಯವನ್ನೂ ಒಂದೊಂದಾಗಿ ಹುಡುಕಿ. ಕೆಲವು ವಿಷಯದ ಹೆಸರಾಗಿರುತ್ತವೆ, ಕೆಲವು ಪ್ರಶ್ನೆಯಾಗಿರುತ್ತವೆ, ಕೆಲವು ಮಂಡಿಸುವವರಿಗೆ ಕೊಡುವ ಚೀಟಿಗೆ ಹೋಗಿರುತ್ತವೆ. ದಾಸ್ತಾನು ಪುಸ್ತಕದ ತಾರೀಕುಗಳನ್ನು ನಾನು ಅಂಥ ಚೀಟಿಯಲ್ಲಿ ಬರೆದುಕೊಟ್ಟೆ.

ತಾಳೆ ನೋಡುವಾಗ ಹದಿನೇಳನೇ ವಾಕ್ಯ ಎಲ್ಲೂ ಇರಲಿಲ್ಲ: "ಸಿಬ್ಬಂದಿ ಸಾಲದು." ವಿಮೆಯ ಸಾಲಿನಲ್ಲಿ ಸಿಕ್ಕಿಕೊಂಡಿದ್ದರಿಂದ ಅದು ವಿಮೆಯದೇ ಮಾತು ಅಂದುಕೊಂಡು ದಾಟಿಬಿಟ್ಟಿದ್ದೆ. ಅದು ನೇಮಕಾತಿಯ ಮಾತು, ಸಂಬಳದ ಮಾತು. ಹತ್ತು ನಿಮಿಷದಲ್ಲಿ ಮುಗಿಯುವುದಲ್ಲ. ಅಧ್ಯಕ್ಷರನ್ನು ಕೇಳಿ ಜೂನ್ ಸಭೆಗೆ ಬೇರೆಯೇ ವಿಷಯವಾಗಿ ಬರೆದಿಟ್ಟೆ, ಆ ಮಾತು ಹೇಳಿದವರಿಗೂ ತಿಳಿಸಿದೆ. ತಿಳಿಸದಿದ್ದರೆ ಅವರು ಅದನ್ನು ವಿಮೆಯ ಹತ್ತು ನಿಮಿಷದಲ್ಲೇ ಎತ್ತುತ್ತಿದ್ದರು.

ಆಮೇಲೆ ಅಧ್ಯಕ್ಷರಿಗೆ ತೋರಿಸಿ ಸಹಿ ಹಾಕಿಸಿ. ನಿಮ್ಮ ಬೈಲಾದಲ್ಲಿ ಎಷ್ಟು ದಿನ ಮೊದಲು ಸೂಚನೆ ಮುಟ್ಟಬೇಕೆಂದು ಇದೆಯೋ ಅಷ್ಟು ಮೊದಲೇ ಕಳಿಸಿ.

ಸಭೆಯ ದಿನ

ಪಟ್ಟಿಯ ಒಂದು ಪ್ರತಿಯಲ್ಲಿ ಇನ್ನೊಂದು ಖಾಲಿ ಕಂಬ ಎಳೆದುಕೊಳ್ಳಿ. ಪ್ರತಿ ವಿಷಯ ನಿಜವಾಗಿ ಎಷ್ಟು ಹೊತ್ತಿಗೆ ಮುಗಿಯಿತು ಅಂತ ಅದರಲ್ಲಿ ಬರೆಯಿರಿ. ಹೊತ್ತು ಮುಗಿಯಲು ಐದು ನಿಮಿಷ ಇದೆ ಎಂದಾಗ ಅಧ್ಯಕ್ಷರ ಮುಂದೆ ಚೀಟಿ ಇಡಿ. ಗಂಟೆ ಬಾರಿಸುವುದು, ಎದ್ದು ನಿಂತು ಹೇಳುವುದು ನಮ್ಮ ಸಭೆಗಳಿಗೆ ಒಗ್ಗುವುದಿಲ್ಲ. ಹಿರಿಯರು ಮಾತಾಡುತ್ತಿರುವಾಗ ಚೀಟಿ ನೋಡಿ ಅಧ್ಯಕ್ಷರೇ "ಹಾಗಾದರೆ ಠರಾವು ಬರೆಯೋಣವಾ?" ಎಂದರೆ ಯಾರಿಗೂ ಬೇಜಾರಾಗುವುದಿಲ್ಲ.

ಆವತ್ತು ಖರೀದಿಯ ವಿಷಯ 35ರ ಬದಲು 28 ನಿಮಿಷಕ್ಕೇ ಮುಗಿಯಿತು. ಸುಣ್ಣದ ತಾರೀಕು ಓದಿದ ಮೇಲೆ ಹೋದ ವರ್ಷದ ವಾದವೇ ಉಳಿಯಲಿಲ್ಲ. ಬಾಕಿಯದು ಮಾತ್ರ 20 ಇದ್ದದ್ದು 33 ಆಯಿತು. ಮೂವರ ತಂಡಕ್ಕೆ ಯಾರೂ ಮೊದಲು ಒಪ್ಪಲಿಲ್ಲ. ಪರಿಚಯದವರ ಮನೆಗೆ ಸಾಲ ಕೇಳಲು ಹೋಗುವುದು ಯಾರಿಗೂ ಇಷ್ಟವಿಲ್ಲ. ಅಲ್ಲಿ ಏಳು ಉಳಿದು ಇಲ್ಲಿ ಹದಿಮೂರು ಹೆಚ್ಚಾಗಿ ಬಿದ್ದ ಆರು ನಿಮಿಷದ ಕೊರತೆ ಕೊನೆಯ ಹತ್ತು ನಿಮಿಷದಲ್ಲಿ ಕಳೆದುಹೋಯಿತು, ಸಭೆ ಐದಕ್ಕೇ ಮುಗಿಯಿತು. ಮುಂದಿನ ತಿಂಗಳು ಹೀಗೇ ಯಾರಿಗಾದರೂ ಒಂದು ಕೆಲಸ ವಹಿಸುವ ವಿಷಯ ಬಂದಾಗ ಅದಕ್ಕೆ 30 ನಿಮಿಷ ಹಾಕಿದೆ, ಮತ್ತು ಸಭೆಗೆ ಎರಡು ದಿನ ಮೊದಲೇ ಒಬ್ಬೊಬ್ಬರಿಗೆ ಫೋನ್ ಮಾಡಿ ಯಾರು ಸಿದ್ಧರಿದ್ದಾರೆ ಅಂತ ಕೇಳಿ ಇಟ್ಟುಕೊಂಡೆ.